ತಲೆ ದೊಡ್ಡದು, ಅಜ್ಜ ಮಾತ್ರ ಅದೇ ಅಜ್ಜ

ನಮ್ಮ ಕುಮಾರಪಟ್ಟಣದ ಮನೆಯ ಪಡಸಾಲೆಯಲ್ಲಿ ಅಜ್ಜನ ಫೋಟೋ ಇದೆ. ಮಾಲೆ ಹಾಕಿ, ಊದಿನಕಡ್ಡಿ ಹಚ್ಚಿ, ಬಲ್ಬು ಉರಿಸಿಟ್ಟ ಫೋಟೋ. ಅಕ್ಕನ ಮಗಳಿಗೆ ಈಗ ನಾಲ್ಕು ವರ್ಷ. ಅಜ್ಜ ಹೋದಾಗ ಅವಳಿನ್ನೂ ತೊಡೆಯ ಮೇಲಿನ ಕೂಸು. ಈಗ ಆ ಫೋಟೋದ ಕೆಳಗೆ ಒಬ್ಬಳೇ ಕೂರಲು ಹೆದರುತ್ತಾಳೆ. "ಆ ಮುತ್ಯಾ ನನ್ನ ನೋಡಾಕತ್ತಾನ" ಅಂತ ಅಳು.

ಅಜ್ಜಿಗೆ ಇದು ಭಾಳ ಬೇಜಾರು. "ನಕ್ಕೋತ ಇದ್ದ ಮನಶಾ, ಈಗ ಹುಡುಗೂರು ಅಂಜೂಹಂಗ ಆದ್ನಲ್ಲ" ಅಂದಳು. ಆಗ ಹೊಳೆದಿದ್ದು ಚಿಬಿ ಗೊಂಬೆ. ಅಕ್ಕನ ಮಗಳು ಆಡುವ ಸ್ಟಿಕ್ಕರುಗಳಲ್ಲಿ ಇರುತ್ತಾವಲ್ಲ, ದೊಡ್ಡ ತಲೆ, ಪುಟ್ಟ ಮೈ, ಅಂಥದ್ದು. ಅಜ್ಜ ಮತ್ತು ಅಜ್ಜಿ ಇಬ್ಬರದ್ದೂ ಮಾಡಿ, ಅಕ್ರಿಲಿಕ್ ಹಾಳೆಯಲ್ಲಿ ಕತ್ತರಿಸಿ, ಅವಳ ಆಟಿಕೆಗಳ ನಡುವೆ ನಿಲ್ಲಿಸೋಣ ಅಂದುಕೊಂಡೆ. ಕೈಯಲ್ಲಿದ್ದಿದ್ದು ಒಂದೇ ಒಂದು ಪೂರ್ತಿ ನಿಂತ ಫೋಟೋ. ಮನೆ ಬಾಗಿಲ ಮುಂದೆ ಅಜ್ಜ ಧೋತರ, ನೆಹರೂ ಅಂಗಿ, ರುಮಾಲು ಸುತ್ತಿ, ಬಲಗೈಯಲ್ಲಿ ಕೋಲು ಹಿಡಿದು ನಿಂತಿದ್ದಾನೆ. ಪಕ್ಕದಲ್ಲಿ ಅಜ್ಜಿ, ಇಳಕಲ್ ಸೀರೆ, ತಲೆ ಮೇಲಿನ ಸೆರಗನ್ನು ಒಂದು ಕೈಯಿಂದ ಹಿಡಿದಿದ್ದಾಳೆ.

"ಚಿಬಿ" ಅನ್ನೋದು ಜಪಾನಿ ಮಾತು, ಕುಳ್ಳ, ಪುಟಾಣಿ ಅಂತ ಅರ್ಥ. ಅಲ್ಲಿಯ ಕಾಮಿಕ್ಸ್ ಮತ್ತು ಆಟಿಕೆಗಳಿಂದ ಬಂದ ಶೈಲಿ. 2006ರಿಂದ ಬರುತ್ತಿರುವ ನೆಂಡೊರಾಯ್ಡ್ ಗೊಂಬೆಗಳನ್ನು ನೀವು ನೋಡಿರಬಹುದು, ಸುಮಾರು 10 ಸೆಂಟಿಮೀಟರ್ ಎತ್ತರ, ಅದರಲ್ಲಿ ಅರ್ಧಕ್ಕೆ ಹತ್ತಿರ ತಲೆಯೇ. ನಾನೂ ಅದೇ ಅಳತೆ ಹಿಡಿದೆ.

ಮೊದಲ ಸಲ ಕೆಟ್ಟಿದ್ದು

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಫೋನಿನಲ್ಲಿ ಐಬಿಸ್ ಪೇಂಟ್ ತೆರೆದೆ, ಫೋಟೋ ಹಾಕಿದೆ, ತಲೆಯನ್ನಷ್ಟೇ ಕತ್ತರಿಸಿ ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಿ ಮೈಮೇಲೆ ಕೂರಿಸಿದೆ. ಅಜ್ಜಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಏನ್ ತಮ್ಮಾ ಇದು, ಕುಂಬಳಕಾಯಿ ಹೊತ್ತು ನಿಂತಾರೇನು?" ಅಂದಳು.

ಅವಳು ಹೇಳಿದ್ದು ಸರಿ. ತಲೆ ಹಿಗ್ಗಿದರೂ ಮುಖದೊಳಗಿನ ಅಳತೆ ದೊಡ್ಡವರದೇ, ಕೆಳಗಿನ ಮೈಯೂ ದೊಡ್ಡವರದೇ. ಕಣ್ಣಿಗೆ ಅದು ಗೊಂಬೆಯಾಗಿ ಕಾಣೋದಿಲ್ಲ, ಏನೋ ಕಾಯಿಲೆಯಾಗಿ ಊದಿದ ತಲೆಯಾಗಿ ಕಾಣುತ್ತದೆ. ಚಿಬಿಯಲ್ಲಿ ದೊಡ್ಡದಾಗೋದು ತಲೆ ಒಂದೇ ಅಲ್ಲ. ಪ್ರತಿ ಭಾಗವೂ ಬೇರೆ ಬೇರೆ ಲೆಕ್ಕದಲ್ಲಿ ಬದಲಾಗಬೇಕು. ಹಾಗಾಗಿ ಫೋಟೋವನ್ನು ಹಿಗ್ಗಿಸುವ ಬದಲು, ಫೋಟೋದಿಂದ ಅಳತೆ ಮಾತ್ರ ತೆಗೆದುಕೊಂಡು ಹೊಸದಾಗಿ ಬರೆಯಬೇಕು.

ರುಮಾಲಿನೊಳಗಿನ ತಲೆ ಹುಡುಕೋದು

ಚಿತ್ರ ಬರೆಯುವವರು ಮನುಷ್ಯರ ಎತ್ತರವನ್ನು ತಲೆಯಲ್ಲಿ ಎಣಿಸುತ್ತಾರೆ. ಗದ್ದದಿಂದ ನೆತ್ತಿಯವರೆಗೆ ಒಂದು ತಲೆ. ಬೆಳೆದ ಮನುಷ್ಯ ಹೆಚ್ಚುಕಡಿಮೆ ಏಳರಿಂದ ಏಳೂವರೆ ತಲೆ ಎತ್ತರ, ಆಗತಾನೆ ಹುಟ್ಟಿದ ಕೂಸು ನಾಲ್ಕು ತಲೆ. ಚಿಬಿ ಎರಡೂವರೆ ತಲೆ. ಕೂಸಿಗಿಂತಲೂ ಮುಂದೆ ಹೋದ ಅಳತೆ ಇದು, ಮುದ್ದಾಗಿ ಕಾಣೋದೂ ಅದಕ್ಕೇ.

ಆದರೆ ನಮ್ಮ ಫೋಟೋದಲ್ಲಿ ಅಜ್ಜನ ನೆತ್ತಿಯೇ ಕಾಣೋದಿಲ್ಲ, ರುಮಾಲು ಮುಚ್ಚಿದೆ. ಅಜ್ಜಿಯದು ಸೆರಗಿನೊಳಗೆ. ರುಮಾಲಿನ ಮೇಲ್ತುದಿಯವರೆಗೆ ತಲೆ ಅಂತ ಹಿಡಿದರೆ ಲೆಕ್ಕ ತಪ್ಪುತ್ತದೆ. ಇದಕ್ಕೊಂದು ಸುಲಭ ದಾರಿ ಇದೆ. ಬೆಳೆದವರ ಕಣ್ಣು ತಲೆಯ ಸರಿ ಮಧ್ಯದಲ್ಲಿರುತ್ತದೆ. ನಂಬಿಕೆ ಬಾರದಿದ್ದರೆ ಕನ್ನಡಿ ಮುಂದೆ ನಿಂತು ಬೆರಳಲ್ಲಿ ಅಳೆದು ನೋಡಿ. ಅಂದಮೇಲೆ ಗದ್ದದಿಂದ ಕಣ್ಣಿನವರೆಗಿನ ದೂರವನ್ನು ಎರಡರಿಂದ ಗುಣಿಸಿದರೆ ನೆತ್ತಿ ಸಿಕ್ಕಿತು.

ಫೋಟೋದ ಮೇಲೆ ಹೊಸ ಲೇಯರ್ ತೆರೆದು, ಆ ಅಳತೆಯ ಒಂದು ಚೌಕಟ್ಟು ಹಾಕಿ, ಅದನ್ನೇ ಕಾಪಿ ಮಾಡಿ ಒಂದರ ಕೆಳಗೊಂದು ಜೋಡಿಸುತ್ತಾ ಹೋದೆ. ಅಜ್ಜ ಏಳು ತಲೆ. ಅಜ್ಜಿ ಆರೂವರೆ. ರುಮಾಲು ಬೇರೆ ಲೆಕ್ಕ, ಅದು ತಲೆಯ ಮೇಲೆ ಕೂರುವ ವಸ್ತು ಅಷ್ಟೇ.

ಇಲ್ಲಿ ಒಂದು ಎಚ್ಚರ. ನಿಮ್ಮ ಫೋಟೋ ಹತ್ತಿರದಿಂದ, ನಿಂತವರ ಮುಖದ ಎತ್ತರದಲ್ಲಿ ಫೋನ್ ಹಿಡಿದು ತೆಗೆದದ್ದಾಗಿದ್ದರೆ ಕಾಲು ಗಿಡ್ಡವಾಗಿ, ತಲೆ ಆಗಲೇ ದೊಡ್ಡದಾಗಿ ಬಂದಿರುತ್ತದೆ. ಎಣಿಸಿದಾಗ ಆರಕ್ಕಿಂತ ಕಡಿಮೆ ಬಂದರೆ ಅದೇ ಕಾರಣ ಇರಬಹುದು. ಹೊಸದಾಗಿ ತೆಗೆಯುವಂತಿದ್ದರೆ ಮೂರ್ನಾಲ್ಕು ಮೀಟರ್ ಹಿಂದೆ ಹೋಗಿ, ಫೋನನ್ನು ಅವರ ಸೊಂಟದ ಎತ್ತರಕ್ಕೆ ಇಳಿಸಿ ನೆಟ್ಟಗೆ ಹಿಡಿದು ತೆಗೆಯಿರಿ. ನಮ್ಮಂತೆ ಹಳೇ ಫೋಟೋ ಆದರೆ ಆಲ್ಬಮ್ಮಿನಿಂದ ಹೊರತೆಗೆದು, ನೆಲದ ಮೇಲಿಟ್ಟು, ನೆರಳಲ್ಲಿ, ಫೋನು ಓರೆಯಾಗದಂತೆ ಮೇಲಿನಿಂದ ಕ್ಲಿಕ್ ಮಾಡಿ.

ತಲೆಗೆ ಜಾಗ ಕೊಟ್ಟವರು ಯಾರು?

ಈಗ ನಿಜವಾದ ಲೆಕ್ಕ. ಗೊಂಬೆಯ ಎತ್ತರ 10 ಸೆಂ.ಮೀ. ಅಜ್ಜನನ್ನು ಇದ್ದ ಹಾಗೇ 10 ಸೆಂ.ಮೀ.ಗೆ ಇಳಿಸಿದರೆ ತಲೆಗೆ ಸಿಗೋದು 1.4 ಸೆಂ.ಮೀ., ಗದ್ದದಿಂದ ತೊಡೆಸಂದಿಯವರೆಗೆ ಸುಮಾರು 3.6, ಕಾಲಿಗೆ 5. ಯಾಕೆಂದರೆ ಬೆಳೆದ ಮನುಷ್ಯನ ಎತ್ತರದ ಅರ್ಧ ಕಾಲೇ.

ಚಿಬಿಯಲ್ಲಿ ನಾನು ಕೊಟ್ಟದ್ದು ತಲೆಗೆ 4, ಮೈಗೆ 3, ಕಾಲಿಗೆ 3. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಲೆಗೆ 2.6 ಸೆಂ.ಮೀ. ಹೆಚ್ಚು ಬಂತು. ಅದರಲ್ಲಿ 2 ಸೆಂ.ಮೀ. ಕಾಲಿನಿಂದಲೇ ಬಂದದ್ದು, ಮೈ ಬಿಟ್ಟುಕೊಟ್ಟದ್ದು ಬರೀ 0.6. ಅಂದರೆ ಚಿಬಿಯ ತಲೆ ಹೆಚ್ಚಾಗಿ ಕಾಲನ್ನೇ ತಿಂದು ಬೆಳೆಯುತ್ತದೆ. ಮೈಯನ್ನೂ ಅಷ್ಟೇ ಕುಗ್ಗಿಸಿದರೆ ಅಂಗಿ, ಸೆರಗು, ಕೈ ತೋರಿಸಲು ಜಾಗವೇ ಉಳಿಯೋದಿಲ್ಲ. ಇದು ಗೊತ್ತಾದ ಮೇಲೆ ನನ್ನ ಅರ್ಧ ಕೆಲಸ ಸಲೀಸಾಯಿತು.

ಅಗಲಕ್ಕೆ ಒಂದೇ ನಿಯಮ: ಭುಜ ತಲೆಗಿಂತ ಕಿರಿದು. ತಲೆ 3.8 ಸೆಂ.ಮೀ. ಅಗಲ, ಭುಜ 2.3. ಅಜ್ಜ ಹೊಲದಲ್ಲಿ ದುಡಿದ ಮೈ, ಅಗಲ ಭುಜ ಅಂತ ನಾನು ಮೊದಲು ಮೂರೂವರೆ ಕೊಟ್ಟಿದ್ದೆ. ತಕ್ಷಣ ಗೊಂಬೆ ಹೋಗಿ ಮತ್ತೆ ಊದಿದ ತಲೆಯ ಮನುಷ್ಯ ಬಂದು ನಿಂತ. ಕುತ್ತಿಗೆಯನ್ನು ಹೆಚ್ಚುಕಡಿಮೆ ತೆಗೆದೇ ಬಿಡಬೇಕು, ಗದ್ದ ಅಂಗಿಯ ಕಾಲರಿಗೆ ತಾಗಿದಂತಿರಬೇಕು.

ಅಜ್ಜಿಯದು ಒಟ್ಟು 9.4 ಸೆಂ.ಮೀ. ಇಬ್ಬರ ತಲೆಯನ್ನೂ 4 ಸೆಂ.ಮೀ. ಸಮನಾಗಿಟ್ಟೆ, ಎತ್ತರದ ವ್ಯತ್ಯಾಸವನ್ನು ಮೈ ಮತ್ತು ಕಾಲಿನಲ್ಲಿ ಮಾತ್ರ ತೋರಿಸಿದೆ. ಅಜ್ಜಿಯ ತಲೆಯನ್ನೂ ಚಿಕ್ಕದು ಮಾಡಿದ್ದರೆ ಹೆಂಡತಿ ಹೋಗಿ ಮೊಮ್ಮಗಳಾಗಿ ಕಾಣುತ್ತಿದ್ದಳು.

ಆಮೇಲೆ ಸಿಕ್ಕಿಹಾಕಿಕೊಂಡದ್ದು ಅಜ್ಜಿಯ ಕೈಯಲ್ಲಿ. ಫೋಟೋದಲ್ಲಿ ಕೈ ಎತ್ತಿ ಕಿವಿಯ ಹತ್ತಿರ ಸೆರಗು ಹಿಡಿದಿದ್ದಾಳೆ. ಚಿಬಿಯ ಕೈ ಸೊಂಟದ ಸ್ವಲ್ಪ ಕೆಳಗೆ ಮುಗಿಯುತ್ತದೆ, ಹೆಚ್ಚೆಂದರೆ ಎರಡೂವರೆ ಸೆಂ.ಮೀ. ಅದನ್ನು ಮೇಲೆತ್ತಿದರೆ ಗದ್ದ ದಾಟೋದಿಲ್ಲ. ಕಿವಿಯವರೆಗೆ ಎಳೆದು ಬರೆದೆ, ಹಾವಿನ ಹಾಗೆ ಉದ್ದ ಕೈ ಆಯಿತು. ಕೊನೆಗೆ ಕೈಯನ್ನು ಬದಲಿಸುವ ಬದಲು ಸೆರಗನ್ನು ಬದಲಿಸಿದೆ. ತಲೆಯಿಂದ ಇಳಿದ ಸೆರಗಿನ ಅಂಚು ಗದ್ದದ ಪಕ್ಕಕ್ಕೆ ಬರುವಂತೆ ಮಾಡಿ, ಅಲ್ಲಿ ಅವಳ ಮುಷ್ಟಿ ಇಟ್ಟೆ. ಅದೇ ನಾಚಿಕೆ, ಅದೇ ಹಿಡಿತ. ನಿಮ್ಮ ಫೋಟೋದಲ್ಲಿ ಯಾರಾದರೂ ತಲೆ ಮೇಲೆ ಕೊಡ ಹಿಡಿದಿದ್ದರೆ, ಹ್ಯಾಟ್ ಮುಟ್ಟಿದ್ದರೆ ಇದೇ ತೊಂದರೆ ಬರುತ್ತದೆ. ಮೊದಲೇ ಕೈ ಎಲ್ಲಿಗೆ ಮುಟ್ಟುತ್ತದೆ ಅಂತ ನೋಡಿಕೊಳ್ಳಿ.

ಮುಖದಲ್ಲಿ ವಯಸ್ಸು ಉಳಿಸೋದು

ಚಿಬಿ ಮುಖದ ಗುಟ್ಟು ಕಣ್ಣನ್ನು ಕೆಳಗಿಳಿಸೋದು. ದೊಡ್ಡವರಲ್ಲಿ ಮಧ್ಯದಲ್ಲಿರುವ ಕಣ್ಣು ಇಲ್ಲಿ ಗದ್ದದಿಂದ 1.6 ಸೆಂ.ಮೀ. ಮೇಲೆ ಬರುತ್ತದೆ, ಅಂದರೆ ಮಧ್ಯಗೆರೆಗಿಂತ ಕೆಳಗೆ. ಹಣೆ ಹಿಗ್ಗುತ್ತದೆ, ಮೂಗು ಚುಕ್ಕೆಯಾಗುತ್ತದೆ, ಬಾಯಿ ಸಣ್ಣದಾಗುತ್ತದೆ. ಇದು ಕೂಸಿನ ಮುಖದ ಲೆಕ್ಕ.

ತೊಂದರೆಯೂ ಇಲ್ಲೇ. ಎಪ್ಪತ್ತೆಂಟರ ಅಜ್ಜನಿಗೆ ಕೂಸಿನ ಮುಖ ಕೊಟ್ಟರೆ ಅದು ಯಾರೋ ಹುಡುಗ ವೇಷ ಹಾಕಿದ ಹಾಗೆ. ನನ್ನ ಎರಡನೇ ಪ್ರಯತ್ನ ನೋಡಿ ಅಕ್ಕ "ಚಲೋ ಐತಿ, ಯಾರಿಂವ?" ಅಂತ ಕೇಳಿದ್ದಳು. ಸುಕ್ಕು ಹಾಕೋಣ ಅಂತ ಹಣೆ ತುಂಬ ಗೆರೆ ಎಳೆದೆ. ಇಷ್ಟು ಸಣ್ಣ ಗೊಂಬೆಯಲ್ಲಿ ಸುಕ್ಕು ಅಂದರೆ ಕೊಳೆ.

ಆಮೇಲೆ ಫೋಟೋವನ್ನು ಪಕ್ಕಕ್ಕಿಟ್ಟು, ಅಜ್ಜನನ್ನು ಅರ್ಧ ಫರ್ಲಾಂಗು ದೂರದಿಂದ ನಾವು ಹೇಗೆ ಗುರುತಿಸುತ್ತಿದ್ದೆವು ಅಂತ ಯೋಚಿಸಿದೆ. ಬಿಳಿ ಪೊದೆ ಮೀಸೆ. ನಗುವಾಗ ಮುಚ್ಚಿಹೋಗುವ ಕಣ್ಣು. ಹಣೆ ಮೇಲೆ ಮೂರು ಬೆರಳಿನ ವಿಭೂತಿ. ಮೂರೇ ಇಟ್ಟುಕೊಂಡೆ. ಚಿಬಿಗೆ ದೊಡ್ಡ ಹೊಳೆಯುವ ಕಣ್ಣು ಬೇಕು ಅನ್ನೋ ನಿಯಮ ಬಿಟ್ಟು, ಎರಡು ಬಾಗಿದ ಗೆರೆಗಳನ್ನಷ್ಟೇ ಎಳೆದೆ. ಮೀಸೆಯನ್ನು ಫೋಟೋದಲ್ಲಿದ್ದದ್ದಕ್ಕಿಂತ ಅಗಲ ಮಾಡಿದೆ. ಹಿಗ್ಗಿದ ಹಣೆಯಲ್ಲಿ ವಿಭೂತಿಗೆ ತಾನೇ ಜಾಗ ಸಿಕ್ಕಿತ್ತು. ಸುಕ್ಕು ಎರಡೇ, ಕಣ್ಣಿನ ಹೊರತುದಿಯಲ್ಲಿ ಒಂದೊಂದು. ಅಜ್ಜಿಗೆ ದೊಡ್ಡ ಕುಂಕುಮ, ಮೂಗುತಿ, ಕನ್ನಡಕ. ವಯಸ್ಸನ್ನು ಹೇಳಿದ್ದು ಸುಕ್ಕಲ್ಲ, ಬಿಳಿ ಮೀಸೆ ಮತ್ತು ಆ ಕನ್ನಡಕ.

ಇಳಕಲ್ ಸೀರೆಗೆ ಎಷ್ಟು ಗೆರೆ ಬೇಕು?

ನಮ್ಮ ಜಿಲ್ಲೆಯ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋದವರಿಗೆ ಗೊತ್ತು. ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಮೂಡಿದ ಆ ಹಳ್ಳಿಯ ಜನರ ಶಿಲ್ಪಗಳು ಮನುಷ್ಯರಷ್ಟೇ ಎತ್ತರ. ಅಲ್ಲಿ ರುಮಾಲಿನ ಮಡಿಕೆ, ಧೋತರದ ನಿರಿಗೆ ಎಲ್ಲ ಇರುತ್ತವೆ, ಇರಲೇಬೇಕು. ಆಳೆತ್ತರದ ಶಿಲ್ಪಕ್ಕೆ ಅಷ್ಟು ವಿವರ ಹಿಡಿಸುತ್ತದೆ. ನನ್ನ ಗೊಂಬೆಯ ಇಡೀ ಅಂಗಿ ಒಂದು ಅಂಚೆಚೀಟಿಯಷ್ಟು. ಅಲ್ಲಿರುವುದನ್ನೆಲ್ಲ ಇಲ್ಲಿ ತುರುಕಿದರೆ ಮಸಿ ಬಳಿದ ಹಾಗೆ.

ಇದಕ್ಕೆ ಉತ್ತರ ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್‌ನಲ್ಲಿದೆ. ಚೌಕಳಿ ಕೋಟು, ಧೋತರ, ಕನ್ನಡಕ, ಮೀಸೆ. ಆ ಚೌಕಳಿ ಒಂದಿದ್ದರೆ ಸಾಕು, ಬೆನ್ನು ತಿರುಗಿಸಿ ನಿಂತರೂ ಅವನೇ ಅಂತ ಗೊತ್ತಾಗುತ್ತದೆ. ಪ್ರತಿ ಬಟ್ಟೆಯಲ್ಲೂ ಹೀಗೆ "ಇದು ಹೋದರೆ ಆ ಬಟ್ಟೆಯೇ ಹೋಯಿತು" ಅನ್ನುವ ಒಂದು ಗುರುತು ಇರುತ್ತದೆ. ಅದನ್ನು ಉಳಿಸಿ, ಅದಕ್ಕೆ ಜಾಗ ಬಿಟ್ಟು, ಉಳಿದದ್ದನ್ನು ತೆಗೆಯಬೇಕು.

ಇಳಕಲ್ ಸೀರೆಯ ಗುರುತು ಸೆರಗು. ಕೆಂಪಿನ ಮೇಲೆ ಬಿಳಿ ಹಲ್ಲುಹಲ್ಲಾಗಿ ಬರುವ ಟೋಪ ತೆನಿ. ಅಜ್ಜಿಯ ಸೀರೆಯಲ್ಲಿ ಅವು ಹತ್ತಾರಿದ್ದವು. ನಾನು ಐದೇ ಬರೆದೆ, ಆದರೆ ಒಂದೊಂದನ್ನೂ ದಪ್ಪ ಮಾಡಿದೆ. ದಡಿಯಲ್ಲಿದ್ದ ಸಣ್ಣ ನೇಯ್ಗೆಯನ್ನು ಎರಡು ಪಟ್ಟೆಯಾಗಿಸಿದೆ. ಒಡಲಿನ ಸಣ್ಣ ಚೌಕಳಿ ಪೂರ್ತಿ ತೆಗೆದು ಹಸಿರು ಬಣ್ಣ ತುಂಬಿದೆ. ಖಣದ ಕುಪ್ಪಸ ಕಾಣುವುದು ತೋಳಿನಷ್ಟೇ, ಅಲ್ಲಿ ನಾಲ್ಕು ಚುಕ್ಕೆ, ಕೆಳಗೊಂದು ಪಟ್ಟಿ. ನಿರಿಗೆ ಮೂರು ಗೆರೆ. ಮೂರೂ ಸಮನಾಗಿದ್ದರೆ ಬಾಚಣಿಗೆಯಂತೆ ಕಾಣುತ್ತದೆ, ಒಂದನ್ನು ಗಿಡ್ಡ ಮಾಡಿ.

ಅಜ್ಜನ ರುಮಾಲು ಇದಕ್ಕಿಂತ ಕಷ್ಟ. ಸುತ್ತಿದ ಬಟ್ಟೆಯ ಮಡಿಕೆ ಎಣಿಸಿದರೆ ಇಪ್ಪತ್ತಾದರೂ ಇದ್ದವು. ಮೂರು ದಪ್ಪ ಸುತ್ತು, ಒಂದು ಪಕ್ಕ ಇಣುಕುವ ತುದಿ, ಅಷ್ಟಕ್ಕೆ ನಿಲ್ಲಿಸಿದೆ. ಆದರೆ ದೊಡ್ಡದಾದ ತಲೆಗೆ ತಕ್ಕಂತೆ ರುಮಾಲನ್ನೂ ಹಿಗ್ಗಿಸಿದಾಗ ಅಜ್ಜ 12 ಸೆಂ.ಮೀ. ಆಗಿ ಅಜ್ಜಿಯ ಪಕ್ಕ ಕಂಬದಂತೆ ನಿಂತ. ರುಮಾಲನ್ನು ಹಣೆಯ ಮೇಲಕ್ಕೆ ಇಳಿಸಿ, ಎತ್ತರ ಕಡಿಮೆ ಮಾಡಿ ಅಗಲ ಹೆಚ್ಚಿಸಿದೆ. ನೆತ್ತಿಯಿಂದ ಮೇಲೆ ಒಂದು ಸೆಂ.ಮೀ.ಗಿಂತ ಹೆಚ್ಚು ಬಿಡಲಿಲ್ಲ. ವಿಭೂತಿಗೆ ಜಾಗ ಉಳಿದಿದೆಯಾ ಅಂತ ನೋಡಿಕೊಂಡೆ.

ಯಾವುದನ್ನು ತೆಗೆಯಬೇಕು ಅಂತ ಗೊತ್ತಾಗದಿದ್ದರೆ ಹೀಗೆ ಮಾಡಿ. ಚಿತ್ರವನ್ನು ಪರದೆ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಆಗುವವರೆಗೆ ಚಿಕ್ಕದು ಮಾಡಿ, ಫೋನನ್ನು ಕೈಯಳತೆಯ ದೂರದಲ್ಲಿ ಹಿಡಿದು ನೋಡಿ. ಆಗ ಮಾಯವಾದದ್ದನ್ನು ಅಳಿಸಿಹಾಕಿ, ಇಲ್ಲಾ ದಪ್ಪ ಮಾಡಿ. ಅಜ್ಜನ ಅಂಗಿಯ ಗುಂಡಿ ಹೀಗೆ ಐದರಿಂದ ಎರಡಕ್ಕಿಳಿಯಿತು, ಕೈಗಡಿಯಾರ ಹೋಯಿತು.

ಬಣ್ಣವನ್ನು ಫೋಟೋದಿಂದ ನೇರವಾಗಿ ಎತ್ತಿಕೊಂಡರೆ ಮಂಕಾಗುತ್ತದೆ, ಅದರಲ್ಲಿ ನೆರಳೂ ಸೇರಿರುತ್ತದೆ. ಬಿಸಿಲು ಬಿದ್ದ ಜಾಗದಿಂದ ಎತ್ತಿ, ಒಂದಿಷ್ಟು ಗಾಢ ಮಾಡಿ. ಅಜ್ಜ ತಲೆಯಿಂದ ಕಾಲಿನವರೆಗೆ ಬಿಳಿ. ಅಂಗಿ ಮತ್ತು ಧೋತರ ಒಂದಾಗಿ ಬಿಳಿ ಗೋಣಿಚೀಲದಂತೆ ಕಂಡ. ಅಂಗಿಗೆ ಕೆನೆಬಣ್ಣ, ಧೋತರಕ್ಕೆ ಚೂರು ನೀಲಿ ಸೇರಿದ ಬಿಳಿ ಕೊಟ್ಟ ಮೇಲೆ ಎರಡೂ ಬೇರೆಯಾದವು.

ಕೋಲು ಮುರಿಯದಂತೆ

ಕತ್ತರಿಸಿ ನಿಲ್ಲಿಸುವ ಗೊಂಬೆಗೆ ಚಿತ್ರ ಚೆನ್ನಾಗಿದ್ದರೆ ಸಾಲದು, ಅಂಚಿನ ಆಕಾರವೂ ಗಟ್ಟಿ ಇರಬೇಕು. 3 ಮಿ.ಮೀ. ಅಕ್ರಿಲಿಕ್‌ನಲ್ಲಿ ಕೋಲಿನಂಥ ಸಪೂರ ಭಾಗ ಮೈಯಿಂದ ದೂರ ಚಾಚಿದ್ದರೆ ಮಗುವಿನ ಕೈಯಲ್ಲಿ ಒಂದು ದಿನ ಉಳಿಯೋದಿಲ್ಲ. ಅಜ್ಜನ ಕೋಲನ್ನು ಧೋತರಕ್ಕೆ ತಾಗಿಸಿ ಬರೆದೆ. ಕಾಲುಗಳ ನಡುವಿನ ಸಂದನ್ನು ಧೋತರದ ನಿರಿಗೆಯಿಂದಲೇ ಮುಚ್ಚಿದೆ. ಅಜ್ಜಿಯ ಸೀರೆ ಕೆಳಗೆ ಅಗಲವಾದ್ದರಿಂದ ಆ ಚಿಂತೆಯೇ ಇರಲಿಲ್ಲ. ಸುತ್ತಲೂ 2 ಮಿ.ಮೀ. ಅಂಚು ಬಿಟ್ಟು, ಪಾದದ ಕೆಳಗೆ ಪೀಠಕ್ಕೆ ಸಿಕ್ಕಿಸುವ ಚಪ್ಪಟೆ ನಾಲಿಗೆ ಇಟ್ಟು, ಹಿನ್ನೆಲೆ ತೆಗೆದ ಪಿಎನ್‌ಜಿ ಫೈಲ್ ಕೊಟ್ಟೆ. ಇಂಚಿಗೆ 300 ಚುಕ್ಕೆಯ ಮುದ್ರಣಕ್ಕೆ 10 ಸೆಂ.ಮೀ. ಅಂದರೆ ಸುಮಾರು 1,180 ಪಿಕ್ಸೆಲ್. ನಾನು ಮೊದಲೇ ಅದರ ಎರಡರಷ್ಟು ಎತ್ತರದ ಕ್ಯಾನ್ವಾಸಿನಲ್ಲಿ ಬರೆದಿದ್ದರಿಂದ ಅಂಚು ಒಡೆಯಲಿಲ್ಲ.

ಕತ್ತರಿಸಲು ಕೊಡುವ ಮುನ್ನ ಕಾಗದದ ಮೇಲೆ ಅದೇ ಅಳತೆಯ ಒಂದು ಪ್ರಿಂಟ್ ತೆಗೆದು ಅಜ್ಜಿಗೆ ಕೊಟ್ಟೆ. ಅವಳು ಮಾತಾಡಲಿಲ್ಲ. ಬೆರಳಿನಿಂದ ಮೀಸೆ ಸವರಿದಳು. ಆಮೇಲೆ ಹುಬ್ಬು ಗಂಟಿಕ್ಕಿ, "ಇಂವ ಯಾವಾಗ ಎಡಗೈಲೆ ಕೋಲ ಹಿಡದಿದ್ದ? ನನ್ನ ಮೂಗುತಿನೂ ಆಕಡಿ ಹೋಗೇತಿ" ಅಂದಳು.

ಎದೆ ಧಸಕ್ಕೆಂದಿತು. ಮುಖ ಓರೆಯಾಗಿದೆಯಾ ಅಂತ ನೋಡಲು ಚಿತ್ರವನ್ನು ಕನ್ನಡಿಯಂತೆ ಎಡಬಲ ತಿರುಗಿಸಿ ನೋಡುವುದು ಒಳ್ಳೇ ಅಭ್ಯಾಸ. ನಾನು ತಿರುಗಿಸಿದ್ದೆ, ವಾಪಸ್ ತಿರುಗಿಸುವುದನ್ನು ಮರೆತಿದ್ದೆ. ಮೂರು ದಿನ ದಿಟ್ಟಿಸಿ ನೋಡಿದ ನನ್ನ ಕಣ್ಣಿಗೆ ಬೀಳದ್ದು, ಐವತ್ತು ವರ್ಷ ಪಕ್ಕದಲ್ಲಿ ನಡೆದವಳ ಕಣ್ಣಿಗೆ ಒಂದೇ ನೋಟಕ್ಕೆ ಬಿತ್ತು. ಅದಕ್ಕೇ ಹೇಳೋದು, ಕತ್ತರಿಸುವ ಮುಂಚೆ ಆ ಮನುಷ್ಯರನ್ನು ಹತ್ತಿರದಿಂದ ಬಲ್ಲ ಒಬ್ಬರಿಗಾದರೂ ತೋರಿಸಿ. "ಚಲೋ ಐತೇನು?" ಅಂತ ಕೇಳಬೇಡಿ. ಏನೂ ಹೇಳದೆ ಕೈಗೆ ಕೊಟ್ಟು, "ಯಾರಿದು?" ಅಂತ ಕೇಳಿ.

ಈಗ ಅಜ್ಜ ಅಜ್ಜಿ ಇಬ್ಬರೂ ಅಕ್ಕನ ಮಗಳ ಆಟಿಕೆ ಅಡುಗೆಮನೆಯ ಪಕ್ಕ ನಿಂತಿದ್ದಾರೆ. ಮೊನ್ನೆ ಅವಳು ಪ್ಲಾಸ್ಟಿಕ್ ತಟ್ಟೆಯಲ್ಲಿ ಮಣ್ಣಿನ ರೊಟ್ಟಿ ಬಡಿಸಿ, ಗೊಂಬೆಯನ್ನೂ ಗೋಡೆ ಮೇಲಿನ ಫೋಟೋವನ್ನೂ ಎರಡು ಸಲ ನೋಡಿದಳು. ಮೀಸೆ ಕಡೆ ಬೆರಳು ತೋರಿಸಿ, "ಇವ್ನೇ ಅಂವ" ಅಂದಳು. ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.